ಬದಲಾದದ್ದಷ್ಟೇ ಬರಲಿ

ನಾಗಪುರದ ನಮ್ಮ ಕಾಲೇಜಿನ ಲ್ಯಾಬ್ ಸರ್ವರ್ ವಿದ್ಯಾರ್ಥಿಗಳಿಗೆ ಫೈಲು ಸಾಗಿಸುವ ಎಸ್‌ಎಫ್‌ಟಿಪಿ ಎಂಬ ದಾರಿಯೊಂದನ್ನೇ ಬಿಡುತ್ತಿತ್ತು. ಪ್ರಾಜೆಕ್ಟಿನಲ್ಲಿ ಬದಲಾದ ಫೈಲುಗಳನ್ನಷ್ಟೇ ನನ್ನ ಲ್ಯಾಪ್‌ಟಾಪಿಗೆ ತರಲು ಆರ್‌ಸಿಂಕ್ ಎಂಬ ಪ್ರೋಗ್ರಾಂ ಓಡಿಸಿದೆ. ಅದು ಸರ್ವರಿನಲ್ಲೂ ಓಡಬೇಕಿತ್ತು; ಸರ್ವರ್ ಒಳಗೇ ಬಿಡಲಿಲ್ಲ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಧಾರವಾಡ ಕಡೆಯ ಸರ್ ನಕ್ಕರು.

"ಇಲ್ಲಿ ಅದು ನಡಿಯಂಗಿಲ್ಲ ತಂಗಿ. ಎಲ್ಲಾರಂಗ ಪೂರಾ ಫೋಲ್ಡರ್ ಎಳ್ಕೊ."

ಅಲ್ಲಿಯವರೆಗೆ ಹಾಗೇ ಎಳೆದು ಸಾಕಾಗಿತ್ತು. ಇನ್ನು ಹಾಗೆ ಎಳೆಯಲು ನನ್ನಿಂದಾಗದು ಎಂದುಕೊಂಡೆ. ಎಸ್‌ಎಸ್‌ಎಚ್‌ಎಫ್‌ಎಸ್ ಎಂಬ ಸಾಧನದಿಂದ, ಅವರು ಬಿಟ್ಟ ಎಸ್‌ಎಫ್‌ಟಿಪಿ ದಾರಿಯಲ್ಲೇ, ಸರ್ವರಿನ ಫೋಲ್ಡರನ್ನು ನನ್ನ ಲ್ಯಾಪ್‌ಟಾಪಿನದೇ ಫೋಲ್ಡರಿನಂತೆ ಜೋಡಿಸಿದೆ. ಈಗ ಆರ್‌ಸಿಂಕ್ ನನ್ನ ಕಡೆಯಲ್ಲೇ ಓಡಿತು. ಆದರೆ ಒಂದೂ ಬಿಡದೆ ಎಲ್ಲವನ್ನೂ ಮತ್ತೆ ತಂದಿತು.

"ನೋಡಿದ್ಯಾ? ನಾ ಹೇಳಿದ್ದು ಬರೋಬರ್ ಐತಿಲ್ಲೋ?"

ಬರೋಬರ್ ಇರಲಿಲ್ಲ. ಆರ್‌ಸಿಂಕ್ ಫೈಲಿನ ಗಾತ್ರ ಮತ್ತು ಬದಲಾದ ಸಮಯ ನೋಡುತ್ತದೆ. ಮೊದಲು ಅವರು ಹೇಳಿದಂತೆ ಎಳೆದಿದ್ದ ಪ್ರತಿಗಳಿಗೆಲ್ಲ ಎಳೆದ ಹೊತ್ತಿನ ಸಮಯವೇ ಅಂಟಿಕೊಂಡಿತ್ತು; ಅದಕ್ಕೇ ಎಲ್ಲವೂ ಬದಲಾದಂತೆ ಕಂಡಿದ್ದವು. ಈ ಸಲ ತರುವಾಗ ಸರ್ವರಿನಲ್ಲಿದ್ದ ಮೂಲದ ಸಮಯವನ್ನೇ ಉಳಿಸುವ ಆಯ್ಕೆ ಹಾಕಿದ್ದೆ.

ಮರುದಿನ ಸರ್ವರಿನಲ್ಲಿ ಒಂದು ಫೈಲು ತಿದ್ದಿ, ಸರ್ ಎದುರೇ ಮತ್ತೆ ಓಡಿಸಿದೆ. ಪರದೆಯ ಮೇಲೆ ಅದೊಂದೇ ಫೈಲಿನ ಹೆಸರು ಬಂದು ಕೆಲಸ ಮುಗಿಯಿತು.

"ಇದನ್ನ ಯಾರು ಕಲಿಸಿದ್ರು ನಿನಗ?"

"ನೀವೇ ಸರ್. ನಡಿಯಂಗಿಲ್ಲ ಅಂದ್ರಲ್ಲ."