ಅಪ್ಪನ ಲೋಟದ ಗಂಟೆ

ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಪ್ಪಿಗೆ ಸಿಗತೊಡಗಿತು. "ಚಾ ಬೇಕೇನು?" ಅಂದರೆ "ರೈಟ್." "ಬ್ಯಾಡೇನು?" ಅಂದರೂ "ರೈಟ್." ಪಕ್ಕದ ಮನೆಯಾಕೆ ಬಂದು, "ಅಣ್ಣಾರ, ನಿಮ್ಮ ಏಣಿ ಒಯ್ಯಲೇನ್ರಿ?" ಅಂದಳು. "ರೈಟ್." ಒಯ್ದಳು. ಅಪ್ಪನಿಗೆ ಜೀವಕ್ಕಿಂತ ಹೆಚ್ಚಾಗಿದ್ದ ಏಣಿ ಅದು, ಆರು ತಿಂಗಳು ಹಿಂದಕ್ಕೆ ಬರಲಿಲ್ಲ.

ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಸಿಂಧನೂರು, ಮಸ್ಕಿ, ಲಿಂಗಸುಗೂರು, ಹಟ್ಟಿ: ಇಪ್ಪತ್ತು ವರ್ಷ ಅದೇ ರಸ್ತೆ, ಅದೇ ಧೂಳು. ಬಸ್ಸು ಹೊರಡಿಸಲು ದಿನಕ್ಕೆ ನೂರು ಸಲ ಬಾಯಿಂದ ಬಂದ ಮಾತು ರೈಟ್. ಮೆದುಳಿನಲ್ಲಿ ಉಳಿದೆಲ್ಲ ಮಾತಿನ ದಾರಿಗೆ ಕಲ್ಲು ಬಿದ್ದಾಗ ಅದೊಂದು ಮಾತ್ರ ಸಲೀಸಾಗಿ ಹೊರಗೆ ಬರುತ್ತಿತ್ತು. ಮನಸ್ಸಿನಲ್ಲಿ ನೀರು ಅಂದುಕೊಂಡರೂ ರೈಟ್, ಸಿಟ್ಟು ಬಂದರೂ ರೈಟ್. ತಪ್ಪು ಮಾತು ಬಂತೆಂದು ಅವನಿಗೇ ಗೊತ್ತಾಗುತ್ತಿತ್ತು, ಹಣೆ ಗಂಟು ಹಾಕಿಕೊಂಡು ಎಡಗೈಯಿಂದ ಮಂಚ ಗುದ್ದುತ್ತಿದ್ದ. ಬಲಗೈ ಸೋತು ಹೋಗಿತ್ತು.

ಈಗ ನನ್ನ ಸಂಕಟ ಹೇಳುತ್ತೇನೆ. ಎಂಬತ್ತರ ದಶಕದ ಕೊನೆ, ನನಗೆ ಇಪ್ಪತ್ತೊಂದು. ಲಿಂಗಸುಗೂರಿನಿಂದ ಒಬ್ಬ ಶಾಲಾ ಮಾಸ್ತರ ತನ್ನ ತಾಯಿಯ ಜೊತೆ ನನ್ನನ್ನು ನೋಡಲು ಮಸ್ಕಿಗೆ ಬಂದಿದ್ದ. ಗಾಬರಿಯಲ್ಲಿ ನಾನು ಒಗ್ಗರಣಿ ಮಂಡಕ್ಕಿಗೆ ಖಾರ ಎರಡು ಸಲ ಹಾಕಿಬಿಟ್ಟಿದ್ದೆ. ಅವನ ಕಣ್ಣಲ್ಲಿ ದಳದಳ ನೀರು. ಆದರೂ ತಾಟು ಮುಂದೆ ಚಾಚಿ, "ಇನ್ನೊಂದೀಟು ಹಾಕ್ರಿ" ಅಂದ. ಇನ್ನೇನು ಬೇಕು, ಅಲ್ಲಿಗೆ ನನ್ನ ಕಥೆ ಮುಗಿಯಿತು. ಆ ಗುರುವಾರ ಅಪ್ಪ ಅವರ ಮನೆ ನೋಡಿಬರಲು ಲಿಂಗಸುಗೂರಿಗೆ ಹೋದ, ಸಂಜೆಗೆ ಬಂದ. ನಾನು ಬಾಗಿಲಲ್ಲೇ ಹಿಡಿದೆ.

"ಏನಾತು ಅಪ್ಪಾ?"

"ಏನ್ ಅವಸರ ಬೇ ನಿಂದು? ಮುಂಜಾನಿ ಎಲ್ಲಾರ ಮುಂದ ಹೇಳ್ತೀನಿ" ಎಂದು ನನ್ನ ತಲೆಗೊಂದು ಮೊಟಕಿ ಮಲಗಿದ. ಮುಂಜಾನೆ ಎದ್ದಾಗ ಅವನ ಬಾಯಿ ಒಂದು ಕಡೆ ಜಾರಿತ್ತು. ಅವ್ವನ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ, ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಸಿಂಧನೂರಿನ ದವಾಖಾನೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಕರೆದರು. ಮನೆಯಲ್ಲಿ ಬಾಯಿ ಜಾಸ್ತಿ ಯಾರದೆಂದು ಅವರಿಗೆ ಅಷ್ಟರಲ್ಲೇ ತಿಳಿದಿತ್ತು. "ನೋಡವ್ವಾ, ನಿಮ್ಮಪ್ಪನ ಬುದ್ಧಿ ಎಲ್ಲೂ ಹೋಗಿಲ್ಲ. ಮಾತು ಹುಡುಕಾಡಾಕತ್ತಾನ, ಸಿಗವಲ್ದು. ಸಣ್ಣ ಸಣ್ಣ ಪ್ರಶ್ನಿ ಕೇಳು. ಒಂದ್ಸಲಕ್ಕ ಒಂದು. ಕೈ ಮಾಡಿ ತೋರಿಸು, ಸಾಮಾನು ಮುಂದ ಇಡು. ಕೇಳಿ ಸುಮ್ಮನ ಕುಂದ್ರು. ಹೌದು ಅಂದ್ರೂ ನಂಬಬ್ಯಾಡ, ಪ್ರಶ್ನಿ ತಿರುವಿ ಇನ್ನೊಮ್ಮಿ ಕೇಳು. ಮತ್ತ ಒದರಬ್ಯಾಡ್ರಿ, ಅಂವ ಕಿವುಡ ಅಲ್ಲ."

ಕೊನೆಯ ಮಾತು ನಮ್ಮ ಕಾಕಾನಿಗೆ ಹೇಳಿದ್ದು. ಅಪ್ಪನ ತಮ್ಮ. ಅಣ್ಣನೆಂದರೆ ಪ್ರಾಣ, ಆದರೆ ದವಾಖಾನೆಯಲ್ಲಿ ಅವನು "ಅಣ್ಣಾ! ಆರಾಮೇನ?" ಎಂದು ಕೂಗಿದರೆ ಬೇರೆ ವಾರ್ಡಿನ ರೋಗಿಗಳು "ಆರಾಮರೀ" ಎನ್ನುತ್ತಿದ್ದರು.

ಸುಮ್ಮನೆ ಕುಳಿತುಕೊಳ್ಳುವುದು! ಅಪ್ಪ ನನ್ನನ್ನು ಮನೆ ರೇಡಿಯೋ ಅನ್ನುತ್ತಿದ್ದ. ಒಂದು ಪ್ರಶ್ನೆ ಕೇಳಿ, ಉತ್ತರವನ್ನೂ ನಾನೇ ಹೇಳಿ, ಅದಕ್ಕೆ ತಕರಾರನ್ನೂ ನಾನೇ ತೆಗೆಯುವವಳು. ಈಗ ಕೇಳಿದ ಮೇಲೆ ತುಟಿ ಕಚ್ಚಿ ಮನಸ್ಸಿನಲ್ಲೇ ಹತ್ತು ಎಣಿಸತೊಡಗಿದೆ. ನಾಲ್ಕಕ್ಕೆ ನಾಲಿಗೆ ತುರಿಸುತ್ತಿತ್ತು. ಆದರೆ ಏಳೋ ಎಂಟೋ ಬರುವಷ್ಟರಲ್ಲಿ ಅಪ್ಪನ ಮುಖದಲ್ಲಿ ಏನೋ ಹೊರಳುತ್ತಿತ್ತು. ಇಷ್ಟು ದಿನ ನಾನು ಐದಕ್ಕೇ ಅವನ ಬಾಯಿ ಮುಚ್ಚಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅವನು ಎಡಗೈಯಿಂದ ಏನನ್ನೂ ತೋರಿಸಲು ಹಿಂಜರಿಯುತ್ತಿದ್ದ. ಎಡಗೈಯಿಂದ ಕೊಡುವುದು, ತೋರಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಎಡಗೈಯಲ್ಲಿ ದುಡ್ಡು ಚಾಚಿದವರಿಗೆ ಅವನೇ ಟಿಕೆಟ್ ಕೊಡುತ್ತಿರಲಿಲ್ಲ! ಹಾಗಾಗಿ ನಾನು ಎಲ್ಲವನ್ನೂ ಎಡಗೈಯಿಂದಲೇ ಮಾಡತೊಡಗಿದೆ. ಎಡಗೈಯಿಂದ ಚಾ ಕೊಟ್ಟೆ, ಎಡಗೈಯಿಂದ ನಮಸ್ಕಾರ ಮಾಡಿದೆ. ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು, ಅದು ಬಲಗೈಯಿಂದ. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಲಕ್ವಾ ಹೊಡೆದ ಮೇಲೆ ಅದೇ ಮೊದಲ ನಗು, ಅರ್ಧ ಮುಖದ್ದು.

ಮರುದಿನ ಅವ್ವ ಅವನ ಸ್ಟೀಲ್ ಲೋಟಕ್ಕೆ ಚಾ ಹಾಕುತ್ತಿದ್ದಾಗ ಅವನು ಎಡಗೈಯಲ್ಲಿದ್ದ ಚಮಚದಿಂದ ಲೋಟಕ್ಕೆ ಒಂದು ಹೊಡೆದ: ಟಣ್. ಅವ್ವ ನಿಲ್ಲಿಸಿದಳು. ಸ್ವಲ್ಪ ಕುಡಿದು ಮತ್ತೆ ಹೊಡೆದ: ಟಣ್ ಟಣ್. ಅವ್ವ ಇನ್ನಷ್ಟು ಹಾಕಿದಳು. ನಾನು ಕುಣಿದುಬಿಟ್ಟೆ. ಬಸ್ಸಿನ ಗಂಟೆ! ಗಂಟೆ ಒಂದು ಸಲ ಹೊಡೆದರೆ ಬಸ್ಸು ನಿಲ್ಲಬೇಕು, ಎರಡು ಸಲ ಹೊಡೆದರೆ ಹೊರಡಬೇಕು; ಅಪ್ಪನಿಗೆ ಒಂದು ಅಂದರೆ ಇಲ್ಲ, ಎರಡು ಅಂದರೆ ಹೌದು. ಬಾಯಿ ಸುಳ್ಳು ಹೇಳುತ್ತಿತ್ತು, ಚಮಚ ಹೇಳುತ್ತಿರಲಿಲ್ಲ.

ಡಾಕ್ಟರು ಹೇಳಿದಂತೆ ಪರೀಕ್ಷೆ ಮಾಡಿದೆ. "ಇದು ಲೋಟ ಏನು?" ಟಣ್ ಟಣ್. "ಇದು ಎಮ್ಮಿ ಏನು?" ಟಣ್. "ನಾನು ನಿನ್ನ ಮಗಳೇನು?" ಟಣ್ ಟಣ್. "ನಾನು ಶಾಣ್ಯಾಕಿ ಏನು?" ಹತ್ತರ ತನಕ ಎಣಿಸಿದೆ. ಚಮಚ ಮೇಲೆ ಹೋಯಿತು, ಅಲ್ಲೇ ನಿಂತಿತು, ಅಪ್ಪ ಕಣ್ಣು ಮಿಟುಕಿಸಿ ಒಂದೇ ಹೊಡೆದ. ಅಂದರೆ ಬುದ್ಧಿ ಪೂರ್ತಿ ನೆಟ್ಟಗಿತ್ತು.

ಇಷ್ಟರಲ್ಲಿ ಕಾಕಾ ಮುಕ್ಕುಂದ ಅನ್ನುವ ಊರಿನ ಒಂದು ಸಂಬಂಧ ತಂದಿದ್ದ. ಕಾಲುವೆ ನೀರಿನ ಗದ್ದೆ, ಹೊಸ ಟ್ರ್ಯಾಕ್ಟರ್. ಹುಡುಗನಿಗಿಂತ ಟ್ರ್ಯಾಕ್ಟರಿನ ವರ್ಣನೆಯೇ ಹೆಚ್ಚಿತ್ತು. "ಅಣ್ಣಗ ಹಿಂಗಾಗೇತಿ, ಹುಡುಗಿ ಲಗ್ನ ತಡ ಮಾಡಬಾರದು. ಸೋಮವಾರ ನಾ ಅವರಿಗೆ ಮಾತು ಕೊಡಬೇಕು" ಅಂದ. "ಲಿಂಗಸುಗೂರಂದು?" ಎಂದು ಅವ್ವ ಕೇಳಿದಳು. "ಅಣ್ಣ ಏನ್ ನೋಡಿ ಬಂದಾನೋ ಯಾರಿಗೆ ಗೊತ್ತು? ಅವನ್ನ ಕೇಳೂಣು. ಅಂವ ಹೇಳಿದ್ದಾ ಆಖೈರು."

ಶನಿವಾರ ಎಲ್ಲರೂ ಮಂಚದ ಸುತ್ತ ಕುಳಿತರು. ಕಾಕಾ ಡಾಕ್ಟರ ಮಾತನ್ನು ಶಿರಸಾ ವಹಿಸಿದ್ದ: ಕೂಗಲಿಲ್ಲ, ಸಣ್ಣ ಪ್ರಶ್ನೆ ಕೇಳಿದ. ಎಷ್ಟು ಸಣ್ಣದೆಂದರೆ, ಒಂದೇ ಶಬ್ದ.

"ಅಣ್ಣಾ. ಮುಕ್ಕುಂದ?"

ಟಣ್ ಟಣ್.

"ಲಿಂಗಸುಗೂರು?"

ಟಣ್.

ಕಾಕಾ ತೊಡೆ ತಟ್ಟಿ ಎದ್ದ. ನಾನು ಮಾಳಿಗೆ ಏರಿ, ಒಣಹಾಕಿದ್ದ ಮೆಣಸಿನಕಾಯಿಯ ನಡುವೆ ಕುಳಿತು ಅತ್ತೆ. ಖಾರ ಹತ್ತಿದ ಕೈಯಿಂದ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ. ಕೆಳಗಿನಿಂದ ಅಪ್ಪ "ರೈಟ್, ರೈಟ್" ಎಂದು ಕೂಗುತ್ತಲೇ ಇದ್ದ. ಬಿಡುವಿಲ್ಲದೆ ಲೋಟ ಬಡಿಯುತ್ತಿದ್ದ. ಅವನಿಗೆ ಏನೋ ಸರಿಬಂದಿಲ್ಲವೆಂದು ಅನಿಸಿ ಇಳಿದು ಬಂದೆ.

ಪಕ್ಕದಲ್ಲಿ ಕುಳಿತೆ. ಬಾಯಿಗೆ ಬಂದದ್ದನ್ನು ಕೇಳಿದೆ. "ಸಿಂಧನೂರು?" ಟಣ್ ಟಣ್. "ಹಟ್ಟಿ?" ಟಣ್ ಟಣ್. "ಮಸ್ಕಿ?"

ಟಣ್.

ಮಸ್ಕಿ ಬೇಡವೇ? ಹುಟ್ಟಿದ ಊರು, ಮಲಗಿದ ಮನೆ! ಅವನು ಚಮಚದಿಂದ ನಮ್ಮ ಮನೆಯ ನೆಲವನ್ನು ತೋರಿಸಿದ, ಇಳಿಯುವುದು ಇಲ್ಲೇ ಅನ್ನುವಂತೆ. ಆಗ ಹೊಳೆಯಿತು. ಬರೀ ಊರಿನ ಹೆಸರು ಕೂಗಿದರೆ ಅದು ಪ್ರಶ್ನೆಯಲ್ಲ, ಸ್ಟಾಪು. ಇಳಿಯುವ ಊರು ಬಂದರೆ ಕಂಡಕ್ಟರ್ ಒಂದು ಗಂಟೆ ಹೊಡೆಯುತ್ತಾನೆ. ಯಾರೂ ಇಳಿಯುವವರಿಲ್ಲ, ಮುಂದೆ ನಡಿ ಅನ್ನಲು ಎರಡು. ಮುಕ್ಕುಂದಕ್ಕೆ ಎರಡು ಹೊಡೆದಿದ್ದ. ಲಿಂಗಸುಗೂರಿಗೆ ಒಂದು: ನಾನು ಇಳಿಯಬೇಕಾದ ಊರು!

ಕಾಕಾನನ್ನು ಬೀದಿಯಿಂದ ಅಂಗಿ ಹಿಡಿದು ಎಳೆತಂದೆ. "ಕಾಕಾ, ನೀ ಪ್ರಶ್ನಿ ಕೇಳ್ಲಿಲ್ಲ, ಊರು ಕೂಗಿದಿ!" ಎಂದು ಹೇಳಿ ಮಂಚದ ಬಳಿ ಕೂರಿಸಿದೆ. ಈಗ ಪೂರ್ತಿ ಕೇಳಿದೆ, ನಿಧಾನವಾಗಿ. "ಅಪ್ಪಾ, ಲಿಂಗಸುಗೂರಿನ ಹುಡುಗ ನಿನಗ ಸೇರ್ಯಾನೇನು?" ಟಣ್ ಟಣ್. ತಿರುವಿ ಕೇಳಿದೆ. "ಅಂವ ಬ್ಯಾಡೇನು?" ಟಣ್. ಕಾಕಾನಿಗೆ ಇನ್ನೂ ಅನುಮಾನ. ಒಂದು ಸೀಮೆಸುಣ್ಣದ ತುಂಡು, ಒಂದು ಭತ್ತದ ತೆನೆ ತಂದು ಅಪ್ಪನ ಮುಂದೆ ಇಟ್ಟೆ. ಮಾಸ್ತರ, ಟ್ರ್ಯಾಕ್ಟರ್. "ಯಾವುದು?"

ಹತ್ತು ಎಣಿಸಿದೆ. ಹನ್ನೊಂದು. ಹನ್ನೆರಡು. ಅಪ್ಪ ಚಮಚ ಕೆಳಗಿಟ್ಟ. ಸಂಕೋಚವಿಲ್ಲದೆ ಎಡಗೈ ಚಾಚಿ, ಸೀಮೆಸುಣ್ಣ ಎತ್ತಿ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಕಾಕಾ "ನಮ್ಮಣ್ಣಗ ಸ್ಟಾಪು ಎಂದೂ ತಪ್ಪಿಲ್ಲ ಬಿಡು" ಎಂದು ಮೂಗು ಒರೆಸಿಕೊಂಡ. ಸೋಮವಾರ ಮುಕ್ಕುಂದಕ್ಕೆ ಹೋಗಿ ಇಲ್ಲವೆಂದು ಹೇಳಿಬಂದವನೂ ಅವನೇ.

ಲಗ್ನ ಮಸ್ಕಿಯಲ್ಲೇ ಆಯಿತು. ಅಷ್ಟರಲ್ಲಿ ಅಪ್ಪ ಕೋಲು ಹಿಡಿದು ನಿಲ್ಲುತ್ತಿದ್ದ, ಮಾತು ಮಾತ್ರ ಅದೇ ಒಂದು. ಲಿಂಗಸುಗೂರಿಗೆ ಹೊರಟ ಬಸ್ಸಿನ ಡ್ರೈವರ್ ಅಪ್ಪನ ಜೋಡಿ ಹನ್ನೊಂದು ವರ್ಷ ದುಡಿದವನು. ನಾನು ಕಿಟಕಿಯಲ್ಲಿ ಕುಳಿತೆ. ಅಪ್ಪ ಕೆಳಗೆ ನಿಂತು ನನ್ನ ಮುಖ ನೋಡಿದ. ಏನೋ ಹೇಳಬೇಕಿತ್ತು ಅವನಿಗೆ, ಬಾಯಿ ಹೊರಳಿತು. ನಾನು ಎಣಿಸುತ್ತಿದ್ದೆ. ಎಂಟಕ್ಕೆ ಹೊರಬಿತ್ತು.

"ರೈಟ್!"

ಹನ್ನೊಂದು ವರ್ಷದ ರೂಢಿ! ಡ್ರೈವರ್ ಹಿಂದೆ ತಿರುಗಿ ನೋಡದೆ ಗೇರ್ ಹಾಕಿದ, ಬಸ್ಸು ಹೊರಟೇಬಿಟ್ಟಿತು. ಅವ್ವ ನನ್ನ ಉಡಿ ತುಂಬಲು ತಂದ ಅಕ್ಕಿ ಹಿಡಿದುಕೊಂಡು ಬಾಯಿ ಬಿಟ್ಟಳು. ನನ್ನ ಅತ್ತೆ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಮದುಮಗ ಆಚೆ ಅಂಗಡಿಯಲ್ಲಿ ಸೋಡಾ ಕುಡಿಯುತ್ತ, ತನ್ನ ಹೆಂಡತಿ ಹೋಗುವುದನ್ನು ನೋಡುತ್ತಿದ್ದ. ಬಾಸಿಂಗ ಕಟ್ಟಿಕೊಂಡೇ ಓಡಿದ. ನನಗೆ ನಗುವೋ ಅಳುವೋ ತಿಳಿಯದು, ಎರಡೂ ಒಟ್ಟಿಗೇ ಬಂದವು.

ಆಗ ಹಿಂದಿನಿಂದ ಒಂದು ದನಿ ಬಂತು. ಐದು ತಿಂಗಳಿನಿಂದ ಯಾರೂ ಕೇಳದಿದ್ದ ಮಾತು, ದೊಡ್ಡದಾಗಿ, ಸ್ಪಷ್ಟವಾಗಿ:

"ಹೋಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಎಲ್ಲರಿಗಿಂತ ಹೆಚ್ಚು ಬೆರಗಾದವನು ಅಪ್ಪನೇ. ತನ್ನ ಬಾಯಿಯನ್ನು ತಾನೇ ಎಡಗೈಯಿಂದ ಮುಟ್ಟಿ ನೋಡಿಕೊಂಡ. "ಹೋಲ್ಡಾನ್," ಎಂದು ಮತ್ತೊಮ್ಮೆ ಮೆಲ್ಲಗೆ ಅಂದ. ಅವ್ವ ಅಕ್ಕಿ ಚೆಲ್ಲಿ ಕುಸಿದು ಕುಳಿತಳು. ಕಾಕಾ "ಅಣ್ಣಾ! ಏನಂದಿ! ಇನ್ನೊಮ್ಮಿ ಅನ್ನು!" ಎಂದು ಕೂಗಿದ ಕೂಗು ಹಟ್ಟಿಗೆ ಕೇಳಿಸಿರಬೇಕು.

ಅಪ್ಪ ಕೋಲೂರಿಕೊಂಡು ಕಿಟಕಿಯ ತನಕ ಬಂದ. ಆ ಮಾತು ಮದುಮಗನಿಗಾಗಿ ಅಂದದ್ದೋ ನನಗಾಗಿಯೋ, ಕೇಳಬೇಕೆನಿಸಿತು. ಸಣ್ಣ ಪ್ರಶ್ನೆಯೇ, ಎರಡು ಶಬ್ದದ್ದು. ಕೇಳಲಿಲ್ಲ. ನನ್ನ ಜೀವನದಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. ಎಲ್ಲರೂ ಹತ್ತಿ ಕುಳಿತ ಮೇಲೆ ಅವನು ಬಸ್ಸಿನ ತಗಡಿಗೆ ಎಡಗೈಯಿಂದ ಎರಡು ಹೊಡೆದ. ಡ್ರೈವರ್ ಈ ಸಲ ಹೊರಡಲಿಲ್ಲ, ಕನ್ನಡಿಯಲ್ಲಿ ನನ್ನನ್ನು ನೋಡಿ ಕಾದ. ನಾನು ಕಣ್ಣೊರೆಸಿಕೊಂಡು ಹತ್ತರ ತನಕ ಎಣಿಸಿದೆ, ಆಮೇಲೆ ನಾನೇ ಅಂದೆ:

"ರೈಟ್."