ನಲ್ಲಿ ಮಾವನ ಮೊದಲ ಸಾಲು

ನಲ್ಲಿ ಮಾವನ ಅಂಗಡಿಯ ಗೋಡೆಯ ಮೇಲೆ, ಕಟ್ಟು ಹಾಕಿಸಿದ ಗಾಜಿನ ಹಿಂದೆ, ಹಲ್ಲಿನ ಡಾಕ್ಟರರು ಬರೆದ ಮೂರು ಸಾಲುಗಳು ಮೂರು ವಾರ ನೇತಾಡಿದವು. ಅವು ತಮ್ಮವೇ ಎಂದು ಮಾವ ನಂಬಿದ್ದರು. ಬಂದ ಗಿರಾಕಿಗಳಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕೇಳಿದವರೂ ತಲೆದೂಗುತ್ತಿದ್ದರು.

ಮಾವ ನಲವತ್ತು ವರ್ಷದಿಂದ ನಲ್ಲಿ, ಪೈಪು, ಫ್ಲಶ್ ಟ್ಯಾಂಕು ರಿಪೇರಿ ಮಾಡಿಕೊಂಡು ಬಂದವರು. ಹೊಟ್ಟೆ ತುಸು ಮುಂದೆ, ಕನ್ನಡಕ ಸದಾ ಹಣೆಯ ಮೇಲೆ. ಇಡೀ ಬೀದಿ ಅವರನ್ನು ನಲ್ಲಿ ಮಾವ ಎಂದೇ ಕರೆಯುತ್ತಿತ್ತು. ಒಂದು ದಿನ ವಾರಪತ್ರಿಕೆಯ ಕಚೇರಿಯ ಬಚ್ಚಲಿನಲ್ಲಿ ಸೋರುವ ಪೈಪು ಸರಿಮಾಡುತ್ತಾ ಅವರು ಹೇಳಿದ ಕತೆಗಳಿಗೆ ಅಲ್ಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ಉಪಸಂಪಾದಕಿ ಆಗಲೇ ಕೇಳಿದ್ದಳು: "ಮಾವ, ಇದನ್ನೇ ವಾರಕ್ಕೊಂದು ಬರೆದುಕೊಡ್ತೀರಾ? ಮನೆ ರಿಪೇರಿ ಅಂತ ಅರ್ಧ ಪುಟ ಕೊಡ್ತೀನಿ."

ಮಾವ ಬರೆದುಕೊಟ್ಟರು. ಆದರೆ ಬಾಯಲ್ಲಿ ಹರಿದ ಕತೆ ಕಾಗದದ ಮೇಲೆ ಬಂದಾಗ ಕೋಟು ಹಾಕಿಕೊಂಡಿತ್ತು. ಪ್ರತಿ ವಾರವೂ ಒಂದೇ ಆರಂಭ: 'ಇಂದಿನ ವೇಗದ ಯುಗದಲ್ಲಿ ಮನುಷ್ಯ ಯಂತ್ರದಂತಾಗಿದ್ದಾನೆ. ಚಿಕ್ಕಪುಟ್ಟ ವಿಷಯಗಳತ್ತ ಗಮನ ಹರಿಸಲು ಅವನಿಗೆ ಪುರುಸೊತ್ತಿಲ್ಲ. ಆದರೆ ಚಿಕ್ಕದೇ ಮುಂದೆ ದೊಡ್ಡದಾಗುತ್ತದೆ ಎಂಬುದನ್ನು ನಾವು ಮರೆಯಬಾರದು.' ಉಪಸಂಪಾದಕಿ ಒಂದೆರಡು ಸಲ ಕತ್ತರಿಸಿದಳು. ಮುಂದಿನ ವಾರ ಅದು ಮತ್ತೆ ಚಿಗುರಿಕೊಂಡು ಬಂತು. ಬರಹವೆಂದರೆ ಹಾಗೆಯೇ ಶುರುವಾಗಬೇಕು ಎಂಬುದು ಮಾವನ ಗಟ್ಟಿ ನಂಬಿಕೆ.

ಹೀಗಿರುವಾಗ ಒಂದು ವಾರ ಪುಟ ಕಟ್ಟುವವನ ಕೈ ತಪ್ಪಿತು. ಒಂದೇ ಪುಟದಲ್ಲಿ ಮಾವನ ಅಂಕಣವೂ ಹಲ್ಲಿನ ಡಾಕ್ಟರರ ಅಂಕಣವೂ ಇದ್ದವು. ಎರಡರ ಮೊದಲ ಪ್ಯಾರಾಗಳು ಅದಲುಬದಲಾದವು. ಮಾವನ ವೇಗದ ಯುಗ ಹುಳುಕು ಹಲ್ಲಿನ ತಲೆಯ ಮೇಲೆ ಕೂತಿತು. ಡಾಕ್ಟರರ 'ಬದಲಾಗುತ್ತಿರುವ ಜೀವನಶೈಲಿಯಿಂದಾಗಿ ಇಂದು ಹಲವು ಸಮಸ್ಯೆಗಳು ತಲೆದೋರುತ್ತಿವೆ' ಎಂಬುದು ತೊಟ್ಟಿಕ್ಕುವ ನಲ್ಲಿಯ ಮೇಲೆ ಕೂತಿತು. ಪತ್ರಿಕೆ ಅಚ್ಚಾಗಿ ಹೋದ ಮೇಲೆ ಉಪಸಂಪಾದಕಿಗೆ ಗೊತ್ತಾಯಿತು. ಬೈಗುಳದ ಫೋನು ಬರುತ್ತದೆಂದು ಕಾದಳು. ಒಂದು ವಾರ ಕಳೆಯಿತು, ಎರಡಾಯಿತು, ಮೂರಾಯಿತು. ಓದುಗರು ಸುಮ್ಮನಿದ್ದರು. ಡಾಕ್ಟರರು ಸುಮ್ಮನಿದ್ದರು. ಮಾವನಂತೂ ಅದೇ ಅಂಕಣಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು, ಅದರಲ್ಲಿ ತಮ್ಮ ಚಿತ್ರ ಚೆನ್ನಾಗಿ ಬಂದಿದೆಯೆಂದು.

ಇನ್ನು ತಡೆಯಲಾರದೆ ಅವಳೇ ಅಂಗಡಿಗೆ ಬಂದಳು. ಮಾವ ಸ್ಟೂಲು ಒರೆಸಿ ಕೂರಿಸಿದರು.

"ಮಾವ, ಗೋಡೆ ಮೇಲಿರೋದನ್ನ ಒಂಚೂರು ಓದಿ."

ಮಾವ ಗಂಟಲು ಸರಿಮಾಡಿಕೊಂಡರು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಬದಲಾಗುತ್ತಿರುವ ಜೀವನಶೈಲಿಯಿಂದಾಗಿ ಇಂದು ಹಲವು ಸಮಸ್ಯೆಗಳು ತಲೆದೋರುತ್ತಿವೆ. ಸಕಾಲದಲ್ಲಿ ತಜ್ಞರನ್ನು ಕಾಣುವುದು ಒಳಿತು. ಉದಾಸೀನ ಮಾಡಿದರೆ ನೋವು ನಮಗೇ..." ಅಲ್ಲಿ ನಿಂತರು. "ನೋವು? ನಲ್ಲಿಗೆಲ್ಲಿ ನೋವು?"

"ಅದು ನಿಮ್ಮದಲ್ಲ. ಹಲ್ಲಿನ ಡಾಕ್ಟ್ರದ್ದು. ನಿಮ್ಮದು ಅವರ ಹಲ್ಲಿನ ಮೇಲೆ ಅಚ್ಚಾಗಿದೆ. ತಪ್ಪು ನಮ್ಮದೇ, ಕ್ಷಮಿಸಿ. ಆದ್ರೆ ಒಬ್ಬರೂ ಕೇಳಿಲ್ಲ ಮಾವ. ನೀವೂ ಕೇಳಿಲ್ಲ."

ಮಾವನ ಮುಖ ಕೆಂಪಾಯಿತು. ಗೋಡೆಯ ಮೇಲಿಂದ ಕಟ್ಟನ್ನು ಇಳಿಸಿ, ಕಳ್ಳಮಾಲಿನ ಸಮೇತ ಸಿಕ್ಕಿಬಿದ್ದವರಂತೆ ಮೊಳೆಯ ಡಬ್ಬದ ಹಿಂದೆ ಮುಚ್ಚಿಟ್ಟರು. "ಮೂರು ವಾರದಿಂದ ಎಲ್ರಿಗೂ ಓದಿ ಹೇಳಿದೀನಲ್ಲ ಮೇಡಂ! ಹಲ್ಲು ನೋವನ್ನ!"

"ಅದಕ್ಕೇ ಹೇಳ್ತಿರೋದು. ಯಾವ ಬರಹದ ಮೇಲೆ ಕೂರಿಸಿದ್ರೂ ಕೂರೋ ಸಾಲು ಯಾರದ್ದೂ ಅಲ್ಲ. ಮುಂದಿನ ವಾರದ್ದಕ್ಕೆ ಬೇರೆ ಶುರು ಬರೀರಿ. ಇನ್ನೊಂದು ಅಂಕಣದ ಮೇಲೆ ಇಟ್ಟರೆ ಬಿದ್ದುಹೋಗ್ಬೇಕು, ಅಂಥದ್ದು."

ಮುಂದಿನ ವಾರದ ವಿಷಯ ಫ್ಲಶ್ ಟ್ಯಾಂಕಿನ ಸೋರಿಕೆ. ಮಾವ ಎರಡು ದಿನ ತಲೆ ಕೆರೆದುಕೊಂಡು ಕಚೇರಿಗೆ ಹೋದರು. ಹೊಸ ಆರಂಭ ಹೀಗಿತ್ತು: 'ನೀರೇ ಜೀವಜಲ. ಅನಾದಿ ಕಾಲದಿಂದಲೂ ಮಾನವನಿಗೂ ನೀರಿಗೂ ಅವಿನಾಭಾವ ಸಂಬಂಧವಿದೆ.'

"ವೇಗದ ಯುಗ ತೆಗೆದ್ರಿ, ಅನಾದಿ ಕಾಲ ತಂದ್ರಿ," ಎಂದಳು ಉಪಸಂಪಾದಕಿ. "ಇದನ್ನ ಬಾವಿ ಮೇಲೂ ಇಡಬಹುದು, ಈಜುಕೊಳದ ಮೇಲೂ ಇಡಬಹುದು. ಟ್ಯಾಂಕ್ ಎಲ್ಲಿ?"

ಮಾವನಿಗೆ ರೋಷ ಬಂತು. ಓದುಗರ ಕುತ್ತಿಗೆ ಪಟ್ಟಿ ಹಿಡಿದು ಎಳೆಯಬೇಕು ತಾನೇ, ಎಳೆದೇಬಿಡುತ್ತೇನೆಂದು ಮರುದಿನ ಇನ್ನೊಂದು ತಂದರು. ಮೊದಲ ಸಾಲು: 'ಎಚ್ಚರ! ನಿಮ್ಮ ಮನೆಯ ಬಚ್ಚಲಿನಲ್ಲಿ ಒಂದು ಹೆಣವಿದೆ!'

ಉಪಸಂಪಾದಕಿ ಕುರ್ಚಿಯಿಂದ ಅರ್ಧ ಎದ್ದಳು. ಉಳಿದದ್ದನ್ನು ಓದಿದಳು. ರಬ್ಬರ್ ವಾಷರ್, ಸರಪಳಿ, ತೇಲುವ ಚೆಂಡು. ಕೊನೆಯವರೆಗೂ ಓದಿದಳು. "ಮಾವ, ಹೆಣ ಎಲ್ಲಿ?"

"ಹೆಣ ಇಲ್ಲ ಮೇಡಂ. ಓದೋರನ್ನ ಹಿಡಿಯೋಕೆ ಹಾಕ್ದೆ."

"ಹಿಡಿದ ಮೇಲೆ ಹೆಣ ತೋರಿಸ್ಬೇಕಲ್ಲ!"

"ಟ್ಯಾಂಕ್ ತೋರಿಸ್ತೀನಲ್ಲ."

"ಹೆಣ ನೋಡೋಕೆ ಬಂದೋರಿಗೆ ವಾಷರ್ ತೋರಿಸಿದ್ರೆ ಹೊಡೀತಾರೆ ಮಾವ." ಅವಳು ಪೆನ್ನು ಕೆಳಗಿಟ್ಟಳು. "ಬರೆಯೋದು ಬಿಡಿ. ಈ ವಿಷಯ ನಿಮ್ಮ ತಲೆಗೆ ಯಾಕೆ ಬಂತು, ಅದನ್ನ ಹೇಳಿ. ಬಾಯಲ್ಲಿ ಹೇಳಿ."

"ಏನಿಲ್ಲ, ಆ ಲೆಕ್ಕದ ಟೀಚರ್ ಫೋನ್ ಮಾಡಿದ್ರಲ್ಲ," ಎಂದರು ಮಾವ. "ಒಬ್ಬರೇ ಇರೋದು. ಭಾನುವಾರ ಬೆಳಗ್ಗೆ ಪೇಪರ್ ತಿದ್ದುತಾ ಕೂತಿದ್ದಾರೆ. ಬಚ್ಚಲಲ್ಲಿ ಜುಯ್ ಅಂತ ನೀರು ತುಂಬೋ ಸದ್ದು. ಯಾರೋ ಒಳಗಿದ್ದು ಫ್ಲಶ್ ಮಾಡಿದ ಹಾಗೆ. ಹೋಗಿ ನೋಡಿದ್ರೆ ಯಾರೂ ಇಲ್ಲ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ! ಅವರು ಗಡಿಯಾರ ಇಟ್ಕೊಂಡು ಬರೆದಿಟ್ಟಿದ್ದಾರೆ, ಲೆಕ್ಕದವರಲ್ವಾ. ನಾನು ಹೋದಾಗ ಕೈಯಲ್ಲಿ ಕೊಡೆ ಹಿಡ್ಕೊಂಡು ಬಚ್ಚಲ ಬಾಗಿಲಿಗೆ ಕಾವಲು ನಿಂತಿದ್ರು. 'ಮಾವ, ಭೂತಕ್ಕೆ ಹೊಟ್ಟೆ ಕೆಟ್ಟಿದೆ' ಅಂದ್ರು."

ಪಕ್ಕದ ಮೇಜಿನವರು ಚಹಾ ಕುಡಿಯುವುದನ್ನು ನಿಲ್ಲಿಸಿದ್ದರು. ಪುಟ ಕಟ್ಟುವವನೂ ಇಯರ್‌ಫೋನ್ ತೆಗೆದ.

"ಆಮೇಲೆ?" ಎಂದ ಅವನು.

"ಆಮೇಲೇನು, ಟ್ಯಾಂಕಿನ ತಳದ ರಬ್ಬರ್ ಸವೆದಿತ್ತು. ನೀರು ಸದ್ದಿಲ್ಲದೆ ಕಮೋಡಿಗೆ ಸೋರೋದು. ಒಂದು ಮಟ್ಟಕ್ಕೆ ಇಳಿದಾಗ ಟ್ಯಾಂಕ್ ತಾನೇ ತುಂಬ್ಕೊಳ್ಳೋದು. ಅದೇ ಆ ಸದ್ದು. ಟ್ಯಾಂಕಿಗೆ ಒಂದಿಷ್ಟು ನೀಲಿ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾದ್ವಿ. ಸ್ವಲ್ಪ ಹೊತ್ತಿಗೆ ಕಮೋಡಿನ ನೀರು ನೀಲಿ. ಭೂತ ಸಿಕ್ಕಿಬಿತ್ತು."

ಉಪಸಂಪಾದಕಿ ಆಗಲೇ ಗೀಚುತ್ತಿದ್ದಳು. "ಇದು ಬರಹದಲ್ಲಿ ಎಲ್ಲಿದೆ?"

ಮಾವ ಹಾಳೆ ತಿರುಗಿಸಿ ತೋರಿಸಿದರು. ಐದನೇ ಪ್ಯಾರಾದ ಕೊನೆಯಲ್ಲಿ ಒಂದು ಸಾಲು: 'ಕೆಲವು ಗ್ರಾಹಕರು ಇದರಿಂದ ಗಾಬರಿಗೊಳ್ಳುವುದೂ ಉಂಟು.'

"ಅಯ್ಯೋ ಮಾವ! ಟೀಚರನ್ನ ಕೊಡೆ ಸಮೇತ ಇಲ್ಲಿ ಹೂತಿಟ್ಟಿದೀರಿ. ಅವರನ್ನ ಮೇಲೆ ಕರ್ಕೊಂಡು ಬನ್ನಿ. ಟೀಚರನ್ನ ಒಂದು ಮಾತು ಕೇಳಿ, ಒಪ್ಪಿದ್ರೆ ಹಾಕೋಣ."

ಹೆಸರು ಹಾಕದಿದ್ದರೆ ಅಡ್ಡಿಯಿಲ್ಲ ಎಂದರು ಟೀಚರ್. ಅಂಕಣ ಹೀಗೆ ಶುರುವಾಯಿತು: 'ಟೀಚರ್ ಒಬ್ಬರೇ ಇದ್ದ ಮನೆಯಲ್ಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಯಾರೋ ಫ್ಲಶ್ ಮಾಡುತ್ತಿದ್ದರು. ನಾನು ಹೋದಾಗ ಅವರು ಕೊಡೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದರು.' ಮೂರನೇ ಸಾಲಿಗೇ ಸವೆದ ರಬ್ಬರ್ ಬಂತು. ಅಲ್ಲಿಂದ ಮುಂದೆ ಅದನ್ನು ಪತ್ತೆ ಹಚ್ಚುವ ಬಗೆ, ಬದಲಿಸುವ ಬಗೆ. ಈ ಶುರುವನ್ನು ಹಲ್ಲಿನ ಮೇಲೆ ಇಟ್ಟು ನೋಡೋಣವೆಂದು ಪುಟ ಕಟ್ಟುವವನು ತಮಾಷೆಗೆ ಕಂಪ್ಯೂಟರಿನಲ್ಲಿ ಕೂರಿಸಿದ. ಫ್ಲಶ್, ಕೊಡೆ, ಆಮೇಲೆ ಒಸಡು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಪಸಂಪಾದಕಿ ಮಾತ್ರ ಅವನ ಪಕ್ಕದಿಂದ ಕದಲದೆ, ಅದು ಮತ್ತೆ ಸ್ವಸ್ಥಾನಕ್ಕೆ ಬರುವವರೆಗೂ ನಿಂತಿದ್ದಳು.

ಪತ್ರಿಕೆ ಬಂದ ದಿನ ಮಾವನ ಫೋನಿಗೆ ಬಿಡುವೇ ಇರಲಿಲ್ಲ. ಹನ್ನೊಂದು ಮನೆಗಳಲ್ಲಿ ಭೂತವಿತ್ತು. ಹತ್ತರಲ್ಲಿ ರಬ್ಬರ್ ಸವೆದಿತ್ತು. ಹನ್ನೊಂದನೆಯ ಮನೆಯಲ್ಲಿ ಬಣ್ಣ ಹಾಕಿ ಅರ್ಧ ಗಂಟೆ ಕಾದರೂ ನೀರು ತಿಳಿಯಾಗಿಯೇ ಇತ್ತು. ವಿಚಾರಿಸಿದರೆ, ಮನೆಯ ಅಜ್ಜ ಸೊಸೆಗೆ ಗೊತ್ತಾಗದ ಹಾಗೆ ಬಚ್ಚಲಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು, ಪೊಟ್ಟಣದ ಸದ್ದು ಕೇಳದಿರಲೆಂದು ಆಗಾಗ ಫ್ಲಶ್ ಮಾಡುತ್ತಿದ್ದರು.

ಹನ್ನೆರಡನೆಯ ಫೋನು ಟೀಚರದ್ದು.

"ಮಾವ, ಅದು ಕೊಡೆ ಅಲ್ಲ. ಬ್ಯಾಡ್ಮಿಂಟನ್ ಬ್ಯಾಟು."

"ಕೊಡೆ ಅಂತಲೇ ನನಗೆ ನೆನಪು ಟೀಚರೇ."

"ಹಿಡ್ಕೊಂಡಿದ್ದೋಳು ನಾನು!"

ಮಾವ ಸೀದಾ ಕಚೇರಿಗೆ ಓಡಿದರು. ಕಣ್ಣಾರೆ ಕಂಡದ್ದನ್ನು ಮೊದಲ ಸಾಲಿಗೆ ತಂದ ಮೇಲೆ ಅದು ನಿಜವಾಗಿರಲೇಬೇಕೆಂದು ಉಪಸಂಪಾದಕಿಯೂ ಒಪ್ಪಿದಳು. ಮುಂದಿನ ವಾರ ಪತ್ರಿಕೆಯಲ್ಲಿ ತಿದ್ದುಪಡಿ ಬಂತು: 'ಕೊಡೆ ಎಂದಿದ್ದುದನ್ನು ಬ್ಯಾಡ್ಮಿಂಟನ್ ಬ್ಯಾಟು ಎಂದು ಓದಿಕೊಳ್ಳಬೇಕು.' ಅದಕ್ಕೂ ಇಬ್ಬರು ಓದುಗರು ಪತ್ರ ಬರೆದರು, ಭೂತ ಓಡಿಸಲು ಎರಡರಲ್ಲಿ ಯಾವುದು ಮೇಲೆಂದು.

ಇದೆಲ್ಲ ಮಾವನ ತಲೆಗೇರಿತು. ಮನೆಯಲ್ಲೂ ಏನೊಂದನ್ನೂ ನೇರವಾಗಿ ಹೇಳದಾದರು. ಒಂದು ಸಂಜೆ ಹೆಂಡತಿ ಹೊಲಿಗೆ ಯಂತ್ರದ ಮುಂದೆ ರವಿಕೆಗೆ ತೋಳು ಕೂರಿಸುತ್ತಿದ್ದರು. ಮಾವ ಬಾಗಿಲಲ್ಲಿ ನಿಂತು ಶುರುಮಾಡಿದರು: "ಮೆಟ್ಟಿಲ ಮೇಲೆ ಒಂದೇ ಒಂದು ಚಪ್ಪಲಿ. ಎಡಗಾಲಿನದ್ದು. ಅದರ ಪಕ್ಕ ಒಂದು ಕೆಂಪು ಚೀಲ..."

ಹೆಂಡತಿ ಯಂತ್ರ ನಿಲ್ಲಿಸಿದರು. "ರೀ, ಯಾರು ಬಂದಿದ್ದಾರೆ ಹೇಳ್ರೀ."

"ಅದೇ, ಹೇಳ್ತಾ ಇದೀನಲ್ಲೇ. ಆ ಚೀಲದ ಹಿಡಿ ಕಿತ್ತಿತ್ತು..."

"ಯಾರು?"

"ನಿಮ್ಮಕ್ಕ," ಎಂದು ಒಪ್ಪಿಕೊಂಡರು ಮಾವ. "ಕೆಳಗೆ ನಿಂತಿದ್ದಾರೆ. ಕಾಲು ಉಳುಕಿದೆ."

ಹೆಂಡತಿ ಸೂಜಿ ಹಾಗೇ ಬಿಟ್ಟು ಓಡಿದರು. ಅಕ್ಕನನ್ನು ಮೇಲೆ ಕರೆತಂದು, ಕಾಲಿಗೆ ಐಸು ಕಟ್ಟಿ, ಕುಡಿಯಲು ನೀರು ಕೊಟ್ಟ ಮೇಲೆ ಗಂಡನ ಕಡೆ ತಿರುಗಿದರು. "ಪೇಪರ್ ಹಿಡಿದೋರು ಓದದೆ ಪುಟ ತಿರುಗಿಸ್ಬಹುದು, ಅವರನ್ನ ಹಿಡಿದು ಕೂರಿಸ್ಬೇಕು, ಸರಿ. ನಾನೆಲ್ಲಿಗೆ ಹೋಗ್ತೀನಿ? ನನಗೆ ವಿಷಯ ಮೊದ್ಲು, ಚಪ್ಪಲಿ ಆಮೇಲೆ."

ಮಾವ ತಲೆಯಾಡಿಸಿದರು. ಅಂದಿನಿಂದ ಮನೆಯಲ್ಲಿ ಬೇರೆ, ಪತ್ರಿಕೆಗೆ ಬೇರೆ ಎಂದು ಪಾಲು ಮಾಡಿಕೊಂಡರು.

ಈಗ ಅವರು ಬರೆಯಲು ಕೂತರೆ ಮೊದಲು ಪೆನ್ನು ಮುಟ್ಟುವುದಿಲ್ಲ. ಆ ವಾರದ ಕೆಲಸದಲ್ಲಿ ತಮಗೇ ಮರೆಯಲಾಗದ್ದು ಯಾವುದೆಂದು ಯೋಚಿಸುತ್ತಾರೆ. ಯಾರು ಏನೆಂದರು, ಕೈಗೆ ಏನು ಸಿಕ್ಕಿತು, ಯಾವ ಸದ್ದು ಬಂತು. ಅದು ಸಿಕ್ಕದ ದಿನ ಹೆಂಡತಿಗೆ ಕೆಲಸದ ಕತೆ ಹೇಳುತ್ತಾರೆ. ಆಕೆ ಹೊಲಿಗೆಯಿಂದ ತಲೆ ಎತ್ತಿದ ಕಡೆ ಗುರುತು ಹಾಕಿಕೊಳ್ಳುತ್ತಾರೆ.

ಕಳೆದ ವಾರ ಅಡುಗೆಮನೆಯ ಸಿಂಕು ಕಟ್ಟಿಕೊಳ್ಳುವ ಬಗ್ಗೆ ಬರೆದುಕೊಟ್ಟರು. 'ಪೈಪು ಬಿಚ್ಚಿದಾಗ, ಆರು ಚಮಚಗಳು, ಒಂದು ಚದುರಂಗದ ಕುದುರೆ ಸಿಕ್ಕಿದವು. ಮನೆಯವರು ಕುದುರೆಗಾಗಿ ಮೂರು ವರ್ಷದಿಂದ ಜಗಳವಾಡುತ್ತಿದ್ದರು' ಎಂದು ಶುರು. ಉಪಸಂಪಾದಕಿ ಮೊದಲ ಸಾಲಿನಲ್ಲಿ 'ಬಿಚ್ಚಿದಾಗ' ಎಂಬುದರ ನಂತರದ ಒಂದೇ ಒಂದು ಅಲ್ಪವಿರಾಮ ತೆಗೆದು, ಉಳಿದದ್ದನ್ನು ಹಾಗೆಯೇ ಅಚ್ಚಿಗೆ ಕಳಿಸಿದಳು. ಮಾವ ಅದನ್ನು ಕಂಡವರೇ ಸ್ಪ್ಯಾನರ್ ಹಿಡಿದುಕೊಂಡೇ ಕಚೇರಿಯ ಮೆಟ್ಟಿಲು ಹತ್ತಿದರು.

"ಮೇಡಂ, ಆ ಅಲ್ಪವಿರಾಮ ಏನು ಪಾಪ ಮಾಡಿತ್ತು?"