ಅರ್ಧಕ್ಕೆ ನಿಲ್ಲಿಸಿದ ಪಾಠ

ನಾನು ಅಥಣಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಚೆನ್ನಾಗಿ ಕಲಿಸುತ್ತೇನೆ ಎಂಬ ಜಂಬ ಮೊದಲಿನಿಂದಲೂ ಇದೆ. ಆ ಜಂಬ ಎಷ್ಟು ದುಬಾರಿಯಾಯಿತು ಎಂಬುದನ್ನು ಬರೆದಿಡದೆ ನನಗೆ ಸಮಾಧಾನವಿಲ್ಲ.

ಕಾಗವಾಡದ ಕಡೆ ನಮ್ಮದೊಂದಿಷ್ಟು ಹೊಲವಿದೆ. ಜೋಳ ಕೊಯ್ದ ಮೇಲೆ ಪ್ರತಿ ವರ್ಷ ಒಬ್ಬ ಕುರಿಗಾರ ತನ್ನ ಹಿಂಡಿನೊಂದಿಗೆ ಬಂದು ಎಂಟು ದಿನ ಅಲ್ಲಿ ನಿಲ್ಲುತ್ತಿದ್ದ. ಕುರಿಗಳು ಕೂಳೆ ಮೇಯುತ್ತಿದ್ದವು, ಅಲ್ಲೇ ಮಲಗಿ ಹೊಲಕ್ಕೆ ಗೊಬ್ಬರ ಕೊಡುತ್ತಿದ್ದವು. ನಾವು ಅವನಿಗೆ ಜೋಳ ಅಳೆದು ಕೊಡುತ್ತಿದ್ದೆವು. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ, ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ. ಈ ಕರಾರಿಗೆ ಕಾಗದವಿರಲಿಲ್ಲ. ಅವನು ಮಂಗಸೂಳಿ ಮಲ್ಲಯ್ಯನ ಭಂಡಾರವನ್ನು ಅಂಗೈಗೆ ಹಾಕಿಕೊಂಡು ನನ್ನ ಹಣೆಗೆ ಹಚ್ಚುತ್ತಿದ್ದ, ನಾನು ಅವನ ಹಣೆಗೆ ಹಚ್ಚುತ್ತಿದ್ದೆ. ಆ ಅರಿಶಿನ ಮುಟ್ಟಿ ಆಡಿದ ಮಾತನ್ನು ನಮ್ಮ ಸೀಮೆಯಲ್ಲಿ ಯಾರೂ ಮುರಿಯುವುದಿಲ್ಲ.

ಅವನ ಮಗಳು ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಳು. ಹಿಂದಿನ ಬೆಂಚು, ಕಡಿಮೆ ಮಾತು. ಅಲೆಮಾರಿ ಪಶುಪಾಲಕರು ಮತ್ತು ಸಾಮ್ರಾಜ್ಯಗಳ ಪಾಠ ಬಂದ ವಾರ ಮಾತ್ರ ಅವಳ ಬಾಯಿ ತೆರೆಯಿತು. ಎರಡು ಸಾವಿರ ವರ್ಷಗಳ ಹಿಂದೆ ಹಾನ್ ವಂಶ ಆಳುತ್ತಿದ್ದ ಚೀನಾದ ಉತ್ತರಕ್ಕಿದ್ದ ಹುಲ್ಲುಗಾವಲಿನ ಶಿಯಾಂಗ್ನು ಎಂಬ ಅಲೆಮಾರಿಗಳು ಯಾಕೆ ಮತ್ತೆ ಮತ್ತೆ ದಾಳಿ ಮಾಡಿದರು ಎಂದು ಕೇಳಿದೆ. ಕ್ರೂರಿಗಳು ಎಂದು ಒಬ್ಬ, ಸೋಮಾರಿಗಳು ಎಂದು ಇನ್ನೊಬ್ಬ. ಅವಳು ಎದ್ದು ನಿಂತು, ಕುರಿಯನ್ನು ಜೋಳದ ಹಾಗೆ ನೆಲದೊಳಗಿನ ಹಗೇವಿನಲ್ಲಿ ಕೂಡಿಡಲು ಬರುವುದಿಲ್ಲ, ಒಂದು ರೋಗ ಬಂದರೆ ಶ್ರೀಮಂತ ಬೆಳಗಾಗುವುದರೊಳಗೆ ಬಡವನಾಗುತ್ತಾನೆ, ಬರೀ ಹಾಲು ಮಾಂಸದ ಮೇಲೆ ಬದುಕು ನಡೆಯುವುದಿಲ್ಲ, ಕಾಳು ಬೇಕೇ ಬೇಕು ಎಂದಳು. ನನ್ನ ಟಿಪ್ಪಣಿಯಲ್ಲಿ ಎರಡು ಪುಟ ಇದ್ದದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಕುಳಿತಳು.

ಅಲ್ಲಿಂದ ಪಾಠ ತಾನಾಗಿಯೇ ಬೆಳೆಯಿತು. ಶಿಯಾಂಗ್ನುಗಳಿಗೆ ಕಾಳು, ಬಟ್ಟೆ, ಕಬ್ಬಿಣ ಬೇಕಿತ್ತು. ಸಾಮ್ರಾಜ್ಯಕ್ಕೆ ಅವರ ಕುದುರೆ ಬೇಕಿತ್ತು. ಗಡಿಯ ಸಂತೆ ತೆರೆದಿದ್ದರೆ ವ್ಯಾಪಾರ ನಡೆಯುತ್ತಿತ್ತು, ಮುಚ್ಚಿದರೆ ದಾಳಿ ಹೆಚ್ಚುತ್ತಿತ್ತು. ದಾಳಿ ಕೂಡ ಬರೀ ಲೂಟಿಯಲ್ಲ, ಸಂತೆ ತೆರೆಸುವ, ಕಾಣಿಕೆ ವಸೂಲು ಮಾಡುವ ಉಪಾಯವೂ ಹೌದು. ಅವರ ದೊರೆ ಚೀನಾದ ರೇಷ್ಮೆಯನ್ನು ತನ್ನ ನಾಯಕರಿಗೆ ಹಂಚಿಯೇ ಅವರನ್ನು ಒಟ್ಟಿಗೆ ಇಟ್ಟುಕೊಂಡಿದ್ದ. ಆ ರೇಷ್ಮೆ ನಿಂತರೆ ಅವನ ಗದ್ದುಗೆಯೇ ಅಲುಗಾಡುತ್ತಿತ್ತು. ಸಾಮ್ರಾಜ್ಯ ಬೆನ್ನಟ್ಟಿ ಹೋದರೆ ಸುಡಲು ಊರಿಲ್ಲ, ಮುತ್ತಲು ಕೋಟೆಯಿಲ್ಲ. ಅಲೆಮಾರಿಗಳು ಹಿಂದೆ ಸರಿಯುತ್ತ ಹೋದಂತೆ ಬೆನ್ನಟ್ಟಿದ ಸೈನ್ಯದ ದವಸ ಮುಗಿಯುತ್ತಿತ್ತು. ಹಾನ್ ಚಕ್ರವರ್ತಿ ಕೆಲವು ಯುದ್ಧ ಗೆದ್ದ, ಆದರೆ ಬೊಕ್ಕಸ ಬರಿದಾಯಿತು, ಕುದುರೆಗಳು ಸಾವಿರಗಟ್ಟಲೆ ಸತ್ತವು. ಎಷ್ಟೋ ಶತಮಾನಗಳ ಮೇಲೆ ಮಿಂಗ್ ದೊರೆಗಳು ಮಂಗೋಲರಿಗೆ ಸಂತೆ ನಿರಾಕರಿಸಿ ರಾಜಧಾನಿಯ ಗೋಡೆಯ ತನಕ ದಾಳಿ ತಂದುಕೊಂಡರು. ಕೊನೆಗೆ ಸಂತೆ ತೆರೆದಾಗ ಆ ಗಡಿ ಬಹುಮಟ್ಟಿಗೆ ತಣ್ಣಗಾಯಿತು.

ಇನ್ನು ಮಿಂಗ್ ದೊರೆಗಳಿಗೂ ಮೊದಲು ಚೀನಾವನ್ನೇ ಗೆದ್ದ ಮಂಗೋಲರ ಕತೆ ಬೇರೆ. ಊರುಗಳನ್ನು ನಿರ್ನಾಮ ಮಾಡಿದರು, ಅದನ್ನು ಮುಚ್ಚಿಡಬಾರದು. ಆದರೆ ಕೋಟೆ ಒಡೆಯಲು ಅವರಿಗೆ ಊರಿನ ಕುಶಲಿಗರೇ ಬೇಕಾದರು. ಗೆದ್ದ ನೆಲವನ್ನು ಹುಲ್ಲುಗಾವಲು ಮಾಡುವುದಕ್ಕಿಂತ ಕಂದಾಯ ಎತ್ತುವುದು ಲಾಭ ಎಂದು ತಿಳಿದ ಮೇಲೆ ಗುಮಾಸ್ತರೂ ಬೇಕಾದರು. ವ್ಯಾಪಾರಿಗಳ ದಾರಿಗೆ ಕಾವಲಿಟ್ಟವರೂ ಅವರೇ. ಆ ದಿನ ತರಗತಿ ಮುಗಿದಾಗ ನಾನು ಬೀಗುತ್ತ ಹೊರಗೆ ಬಂದೆ.

ಅದೇ ಭಾನುವಾರ ಹೊಲವಿರುವ ನಮ್ಮ ಊರಿನಲ್ಲಿ ಸಭೆ ಸೇರಿತು. ದ್ರಾಕ್ಷಿ ತೋಟದವರ ದೂರು, ಯಾವುದೋ ಹಿಂಡು ಎಳೆಬಳ್ಳಿ ತಿಂದಿದೆ ಎಂದು. ಈಗ ಗೊಬ್ಬರ ಚೀಲದಲ್ಲಿ ಬರುತ್ತದೆ, ಕುರಿ ಯಾರಿಗೆ ಬೇಕು ಎಂಬ ಮಾತೂ ಎದ್ದಿತು. ಸೀಮೆಯೊಳಗೆ ಯಾವ ಹಿಂಡನ್ನೂ ಬಿಡಬಾರದೇ ಎಂಬ ಪ್ರಶ್ನೆ ಬಂದಾಗ ಹಿರಿಯರೊಬ್ಬರು ನನ್ನ ಕಡೆ ತಿರುಗಿ, ಇತಿಹಾಸ ಏನು ಹೇಳುತ್ತದೆ ಎಂದು ಕೇಳಿದರು.

ನಾನು ಎದ್ದು ನಿಂತೆ. ಕೂಸು ಇದ್ದಾಗಲೇ ಸವಾರಿ ಕಲಿಯುವ ಜನ, ಓಡುವ ಕುದುರೆಯ ಮೇಲಿಂದ ಹಿಂದಕ್ಕೆ ತಿರುಗಿ ಬಾಣ ಬಿಡುವ ಚಳಕ, ಸೋತಂತೆ ನಟಿಸಿ ಬೆನ್ನಟ್ಟಿದವರನ್ನು ಸುತ್ತುವ ತಂತ್ರ, ಸುಗ್ಗಿ ಬಂದಾಗ ನುಗ್ಗಿ ಕಣ ದೋಚುವ ಬಗೆ, ಎಲ್ಲವನ್ನೂ ರಸವತ್ತಾಗಿ ಹೇಳಿದೆ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಸಂತೆಯ ಮಾತಿಗೆ ಬರುವಷ್ಟರಲ್ಲಿ ಚಪ್ಪಾಳೆ ಬಿತ್ತು, ಚಹಾ ಬಂತು, ನಾನು ಕುಳಿತುಬಿಟ್ಟೆ. ಹಿರಿಯರು, "ಕೇಳಿದ್ರಿಲ್ಲ? ಮೊದಲ ಹುಲ್ಲ ಕೇಳ್ತಾರ, ಆಮ್ಯಾಲ ಊರಿಗೆ ಕೈ ಹಾಕ್ತಾರ. ಮಾಸ್ತರ ಸುಳ್ಳ ಹೇಳ್ತಾರೇನು?" ಎಂದರು. ಎದ್ದು ನಿಂತು ಇಲ್ಲ, ಇನ್ನೂ ಅರ್ಧ ಪಾಠ ಉಳಿದಿದೆ ಎನ್ನಬಹುದಿತ್ತು. ಭಂಡಾರ ಮುಟ್ಟಿ ಮಾತು ಕೊಟ್ಟಿದ್ದೇನೆ ಎನ್ನಬಹುದಿತ್ತು. ಚಹಾ ಕುಡಿದೆ. ಯಾವ ಹಿಂಡನ್ನೂ ಬಿಡಬಾರದೆಂಬ ಠರಾವಿಗೆ ಎಲ್ಲರೊಂದಿಗೆ ನಾನೂ ಸಹಿ ಹಾಕಿದೆ.

ಮಾಮಾನಿಗೆ ಹೇಳಿ ಕಳಿಸುವ ಧೈರ್ಯವೂ ನನಗಿರಲಿಲ್ಲ. ನಾಲ್ಕನೆಯ ದಿನ ಅವನು ಮಾತಿನಂತೆ ಹಿಂಡು ಹೊಡೆದುಕೊಂಡು ನಮ್ಮ ಹೊಲಕ್ಕೆ ಬಂದ. ನಮ್ಮ ಹೊಲ ಸಿಗುತ್ತದೆ ಎಂಬ ನಂಬಿಕೆಯಲ್ಲಿ ದಾರಿಯಲ್ಲಿ ಎಲ್ಲೂ ನಿಂತಿರಲಿಲ್ಲ, ಕುರಿಗಳು ಹಸಿದಿದ್ದವು. ಊರಿನ ಹುಡುಗರು ಮೋಟಾರು ಸೈಕಲ್ಲುಗಳ ಹಾರ್ನ್ ಒತ್ತುತ್ತ ಹಿಂಡನ್ನು ರಸ್ತೆಗೆ ಅಟ್ಟಿದರು. ರಸ್ತೆಯ ಪಕ್ಕದ ಹೊಲದಲ್ಲಿ ಕೊಯ್ದ ಜೋಳ ಮತ್ತೆ ಚಿಗುರಿ, ನೀರಿಲ್ಲದೆ ಬಾಡಿ ನಿಂತಿತ್ತು. ಅಂಥ ಚಿಗುರಿನಲ್ಲಿ ವಿಷವಿರುತ್ತದೆ. ಅದು ಮಾಮಾನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನೂ ಹೆಂಡತಿಯೂ ಕೋಲು ಅಡ್ಡ ಹಿಡಿದು ನಿಂತರಂತೆ. ಹಸಿದು ಬೆದರಿದ ಇನ್ನೂರು ಕುರಿಗಳ ಮುಂದೆ ಎರಡು ಕೋಲು ಏನು ಮಾಡೀತು?

ನಾನು ಹೋಗುವ ಹೊತ್ತಿಗೆ ಅರ್ಧ ಹಿಂಡು ನೆಲಕ್ಕೆ ಬಿದ್ದಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತ, ಕಾಲು ಝಾಡಿಸುತ್ತ ಒಂದೊಂದೇ ಸತ್ತವು. ಮಾಮಾ ಬೆಲ್ಲದ ನೀರು ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದ. ನನ್ನನ್ನು ನೋಡಿ ಬೈಯುತ್ತಾನೆ ಎಂದುಕೊಂಡೆ. "ಮಾಸ್ತರ, ನೀವ ಊರಾಗ ಇದ್ದಿದ್ದಿಲ್ಲೇನ್ರಿ?" ಎಂದ. ಹೌದು, ಊರಲ್ಲಿರಲಿಲ್ಲ ಎಂದೆ. ಈ ಸುಳ್ಳು ಇವತ್ತಿಗೂ ನನ್ನನ್ನು ಸುಡುತ್ತದೆ.

ಹದಿನೈದು ದಿನದ ಮೇಲೆ ಮಗಳು ಕಾಲೇಜಿಗೆ ಬಂದಳು, ದಾಖಲೆ ಬಿಡಿಸಿಕೊಂಡು ಹೋಗಲು. ತಂದೆ ಹಾಸಿಗೆ ಹಿಡಿದಿದ್ದ, ಉಳಿದ ಕುರಿಗಳ ಹಿಂದೆ ತಾಯಿಯ ಜೊತೆ ಅವಳೇ ನಡೆಯಬೇಕಿತ್ತು. ಪರೀಕ್ಷೆಗೆ ಎರಡೇ ತಿಂಗಳಿತ್ತು. ಕಾಲೇಜು ಬಿಡಬೇಡ ಎಂದು ಬೇಡಿಕೊಂಡೆ. ಸಭೆಯಲ್ಲಿ ನಾನಿದ್ದೆ, ಪಾಠವನ್ನು ಅರ್ಧ ಮಾತ್ರ ಹೇಳಿದೆ ಎಂದು ಅವಳೆದುರು ಒಪ್ಪಿಕೊಂಡೆ. ಅವಳು ತಲೆ ತಗ್ಗಿಸಿಯೇ ಕೇಳಿಸಿಕೊಂಡಳು.

"ಗೊತ್ತೈತ್ರಿ ಸರ. ಅಪ್ಪಗ ಹೇಳಿಲ್ಲ," ಎಂದಳು. ಮತ್ತೆ, "ಪೂರಾ ಹೇಳಿದ್ರೂ ಊರವರು ಕೇಳ್ತಿದ್ದಿಲ್ರಿ. ಪಾಠದಾಗಿನ ಆ ಮಂದಿ ಕಡೆ ಕುದರಿ ಇದ್ವು, ಬಿಲ್ಲಿದ್ವು, ಅದಕ್ಕ ರಾಜಾಗೋಳು ಸಂತಿ ತಗದ್ರು. ನಮ್ಮ ಕಡೆ ಏನೈತ್ರಿ, ಬರೇ ಭಂಡಾರ," ಎಂದಳು.

ಕಾಲೇಜು ಬಿಡುವ ಅರ್ಜಿಯನ್ನು ಮೇಜಿನ ಮೇಲಿಟ್ಟು ನನ್ನ ಸಹಿಗಾಗಿ ಕಾದಳು. ನಾನು ಸಹಿ ಹಾಕಿದೆ.